ಡೆಲ್ಟಾಕ್ಕೆ ಬಿದ್ದ ಕೂಡಲೇ ಟ್ರಿಪ್: ಮಲ್ಪೆಯ ಒಂದು ಐಸ್ ಪ್ಲಾಂಟ್ ಮೋಟರ್‌ನ ತಪಾಸಣೆ

ಜುಲೈ ಕೊನೆಯ ವಾರ. ಆಗಸ್ಟ್ 1ಕ್ಕೆ ಟ್ರಾಲ್ ಬೋಟುಗಳು ಕಡಲಿಗೆ ಇಳಿಯಬೇಕು, ಅದಕ್ಕೆ ಮೊದಲೇ ಐಸ್ ಕಟ್ಟಿ ಇಡಬೇಕು. ಮಲ್ಪೆ ಬಂದರಿನ ಹತ್ತಿರದ ಒಂದು ಐಸ್ ಪ್ಲಾಂಟ್‌ನಲ್ಲಿ ಅಮೋನಿಯಾ ಕಂಪ್ರೆಸರ್ ತಿರುಗಿಸುವ 30 ಎಚ್‌ಪಿ ಮೋಟರ್ ಚಾಲೂ ಆಗುತ್ತಿರಲಿಲ್ಲ. ಕಡಿಮೆ ವೋಲ್ಟೇಜ್‌ನಲ್ಲಿ ಚಾಲೂ ಮಾಡುವ ಸ್ಟಾರ್ ಜೋಡಣೆಯಲ್ಲಿ ಸರಿಯಾಗಿಯೇ ಎದ್ದು ತಿರುಗುತ್ತದೆ, ಟೈಮರ್ ಪೂರ್ತಿ ವೋಲ್ಟೇಜ್‌ನ ಡೆಲ್ಟಾಕ್ಕೆ ಬದಲಿಸಿದ ಕ್ಷಣ, ಕರೆಂಟ್ ಮಿತಿಮೀರಿದರೆ ಸಪ್ಲೈ ಕಡಿಯುವ ಎಂಸಿಸಿಬಿ ಟ್ರಿಪ್. ಅದೂ ಪ್ರತಿ ಸಲ ಅಲ್ಲ. ಮೂರು ಸಲ ಪ್ರಯತ್ನಿಸಿದರೆ ಎರಡು ಸಲ ಬೀಳುತ್ತದೆ, ಒಂದು ಸಲ ಹಿಡಿದು ಹತ್ತು ನಿಮಿಷ ಓಡುತ್ತದೆ.

ನಾನು ಹೋಗುವ ಹೊತ್ತಿಗೆ ಅಲ್ಲಿಯ ಎಲೆಕ್ಟ್ರಿಷಿಯನ್ ತನ್ನ ಕೈಲಾದ್ದನ್ನೆಲ್ಲ ನೋಡಿ ಮುಗಿಸಿದ್ದರು. ಇನ್ಸುಲೇಷನ್ ಅಳೆಯುವ ಮೆಗ್ಗರ್ ಹಾಕಿದಾಗ ವೈಂಡಿಂಗ್‌ಗೂ ಮೋಟರ್ ಬಾಡಿಗೂ ನಡುವೆ 8 ಮೆಗಾ ಓಮ್ ಬಂದಿತ್ತು. ಈ ಗಾತ್ರದ 415 ವೋಲ್ಟ್ ಮೋಟರ್‌ಗೆ 5 ಇದ್ದರೆ ಸಾಕು ಎನ್ನುವುದು ವಾಡಿಕೆ, ಹಾಗಾಗಿ ಪಾಸ್. ಮಲ್ಟಿಮೀಟರ್‌ನಲ್ಲಿ ಮೂರೂ ಫೇಸ್ 0.5 ಓಮ್ ತೋರಿಸಿತ್ತು, ಅದೂ ಪಾಸ್. ಪ್ಲಾಂಟ್‌ನ ಧಣಿ ಇನ್ನೊಂದು ಕಡೆ ಫೋನ್ ಮಾಡಿ ಕೇಳಿದಾಗ, ‘ಟ್ರಿಪ್ ಆಗ್ತದೆ ಅಂದ್ರೆ ಒಳಗೆ ಶಾರ್ಟ್ ಉಂಟು, ರಿವೈಂಡ್ ಮಾಡ್ಲಿಕ್ಕೆ ಕಳಿಸಿ’ ಎಂಬ ಉತ್ತರ ಬಂದಿತ್ತಂತೆ.

ರಿವೈಂಡಿಂಗೇ ನನ್ನ ಹೊಟ್ಟೆಪಾಡು. ಆದರೂ ಹೀಗೆ ಕಣ್ಣು ಮುಚ್ಚಿ ಕಾಯಿಲ್ ಕತ್ತರಿಸುವುದನ್ನು ನಾನು ಒಪ್ಪುವುದಿಲ್ಲ. ಸ್ಲಾಟ್‌ನಿಂದ ಹೊರಗೆ ಚಾಚಿದ ಕಾಯಿಲ್ ತುದಿಗಳನ್ನು, ಅಂದರೆ ಓವರ್‌ಹ್ಯಾಂಗ್, ಕೊಯ್ದು ಸ್ಟೇಟರನ್ನು ಸುಡಲು ಇಟ್ಟರೆ ಫಾಲ್ಟ್ ಎಲ್ಲಿತ್ತು, ಯಾಕೆ ಬಂತು ಎಂದು ಹೇಳುವ ಸಾಕ್ಷಿ ಎಲ್ಲ ಬೂದಿ. ಹೊಸ ವೈಂಡಿಂಗ್ ಹಾಕಿ ಕೊಟ್ಟ ಮೇಲೂ ಅದೇ ಕಾರಣ ಅಲ್ಲೇ ಉಳಿದಿದ್ದರೆ ಮೋಟರ್ ಮತ್ತೆ ವಾಪಸ್ ಬರುತ್ತದೆ.

ಮೊದಲು ಮೋಟರ್ ಪರಿಚಯ. 22 ಕಿಲೋವ್ಯಾಟ್, 4 ಪೋಲ್, 415 ವೋಲ್ಟ್ ಡೆಲ್ಟಾ, ಪ್ಲೇಟ್ ಮೇಲೆ 40 ಆಂಪ್. ಹಳೆಯ ಗುರುತಿನದು, ಲೀಡುಗಳ ಮೇಲೆ ಎ1–ಎ2, ಬಿ1–ಬಿ2, ಸಿ1–ಸಿ2 ಎಂದು ಇತ್ತು. ಇದೇ ಮೋಟರ್ ಕೆಲವು ವರ್ಷಗಳ ಹಿಂದೆ ಒಮ್ಮೆ ರಿವೈಂಡ್ ಆಗಿತ್ತು. ಆಗಿನ ಚೀಟಿ ಪ್ಲಾಂಟ್‌ನ ಫೈಲ್‌ನಲ್ಲಿ ಸಿಕ್ಕಿದ್ದು ದೊಡ್ಡ ಉಪಕಾರವಾಯಿತು. 48 ಸ್ಲಾಟ್, ಎರಡು ಪದರದ ವೈಂಡಿಂಗ್, ಫೇಸ್ ಒಂದಕ್ಕೆ 16 ಕಾಯಿಲ್. ನಾಲ್ಕು ನಾಲ್ಕು ಕಾಯಿಲ್‌ಗಳ ನಾಲ್ಕು ಗ್ರೂಪ್, ಎಲ್ಲ ಸೀರೀಸ್. ಕಾಯಿಲ್‌ಗೆ 10 ಸುತ್ತು, ನಾಲ್ಕು ತಂತಿ ಜೊತೆಯಾಗಿ ಸುತ್ತಿದ್ದು. ಅಂದರೆ ಒಂದು ಫೇಸ್‌ನಲ್ಲಿ 160 ಸುತ್ತು. ಈ 160 ಎಂಬ ಸಂಖ್ಯೆಯನ್ನು ನೆನಪಿಡಿ, ಮುಂದಿನ ಲೆಕ್ಕವೆಲ್ಲ ಅದರ ಮೇಲೆಯೇ ನಿಂತಿದೆ.

ಮಲ್ಟಿಮೀಟರ್‌ನ 0.5 ಓಮ್‌ಗೆ ಇಲ್ಲಿ ಯಾವ ಅರ್ಥವೂ ಇಲ್ಲ. ಅದರ ಎರಡು ಪ್ರೋಬ್ ವಯರ್‌ಗಳಲ್ಲೇ 0.1, 0.2 ಓಮ್ ಹೋಗಿಬಿಡುತ್ತದೆ, ಮೊನೆಯನ್ನು ಒತ್ತಿ ಹಿಡಿದದ್ದು ಹೆಚ್ಚು ಕಡಿಮೆಯಾದರೆ ಇನ್ನಷ್ಟು. ಅರ್ಧ ಓಮ್ ಕೂಡ ಇಲ್ಲದ ವೈಂಡಿಂಗನ್ನು ಅಳೆಯಲು ನಾಲ್ಕು ವಯರಿನ ವಿಧಾನ ಬೇಕು: ಎರಡು ವಯರ್ ಕರೆಂಟ್ ಕೊಡಲಿಕ್ಕೆ, ಇನ್ನೆರಡು ವಯರ್ ವೋಲ್ಟೇಜ್ ನೋಡಲಿಕ್ಕೆ. ಮೈಕ್ರೋ ಓಮ್ ಮೀಟರ್ ಇಲ್ಲದ ಅಂಗಡಿಯಲ್ಲೂ ಇದು ಕಷ್ಟವಲ್ಲ. ಒಂದು ಡಿಸಿ ಸಪ್ಲೈಯಿಂದ ಸರಿಯಾಗಿ 5 ಆಂಪ್ ಬಿಡಿ. ಇನ್ನೊಂದು ಒಳ್ಳೆಯ ಮೀಟರ್‌ನಿಂದ ಫೇಸ್‌ನ ಎರಡು ತುದಿಗಳ ನಡುವಿನ ವೋಲ್ಟ್ ಓದಿ, 5ರಿಂದ ಭಾಗಿಸಿ. ವೋಲ್ಟ್ ನೋಡುವ ಪಿನ್ ಕರೆಂಟ್ ಕ್ಲಿಪ್‌ಗಿಂತ ಒಳಗೆ, ಲೀಡಿನ ಮೇಲೆಯೇ ತಾಗಬೇಕು. ಕ್ಲಿಪ್ ಮೇಲೆ ತಾಗಿಸಿದರೆ ಕ್ಲಿಪ್‌ನ ಜಾಯಿಂಟ್ ಕೂಡ ಲೆಕ್ಕಕ್ಕೆ ಸೇರುತ್ತದೆ. ಅಂಕಿ ಒಂದು ಕಡೆ ನಿಲ್ಲುವವರೆಗೆ ಕಾಯಬೇಕು, ಕಬ್ಬಿಣದ ಮೇಲೆ ಸುತ್ತಿದ ತಂತಿಯಲ್ಲಿ ಕರೆಂಟ್ ಸ್ಥಿರವಾಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ.

ಸ್ಟಾರ್ಟರ್‌ನಿಂದ ಮೋಟರ್‌ಗೆ ಹೋಗುವ ಆರು ವಯರುಗಳನ್ನು ಪ್ಯಾನೆಲ್‌ನಲ್ಲೇ ಬಿಚ್ಚಿ ಮೂರು ಫೇಸ್ ಬೇರೆ ಬೇರೆಯಾಗಿ ಅಳೆದೆ. ಎ 0.536, ಬಿ 0.537, ಸಿ 0.569. ಸಿ ಫೇಸ್ ಶೇಕಡಾ 6ರಷ್ಟು ಹೆಚ್ಚು. ನೋಡುತ್ತ ನಿಂತಿದ್ದ ಧಣಿ, ‘ಸಿಕ್ಕಿತಲ್ಲ ಮಾರಾಯ್ರೆ, ಮೂರನೇದ್ರಲ್ಲೇ ಶಾರ್ಟ್’ ಎಂದರು.

ಹಾಗಲ್ಲ. ಸುತ್ತುಗಳು ಒಂದಕ್ಕೊಂದು ಶಾರ್ಟ್ ಆದರೆ ಕರೆಂಟ್‌ಗೆ ಹೋಗುವ ದಾರಿ ಚಿಕ್ಕದಾಗುತ್ತದೆ, ರೆಸಿಸ್ಟೆನ್ಸ್ ಇಳಿಯಬೇಕು. ಇಲ್ಲಿ ಏರಿದೆ. ಏರಿದರೆ ಜಾಯಿಂಟ್ ಕೆಟ್ಟಿದೆ, ಅಥವಾ ಜೊತೆಯಾಗಿ ಸುತ್ತಿದ ತಂತಿಗಳಲ್ಲಿ ಒಂದು ಕಡಿದಿದೆ ಎಂದು ಅರ್ಥ. ನಾಲ್ಕರಲ್ಲಿ ಒಂದು ತಂತಿ ಇಡೀ ಫೇಸ್ ಉದ್ದಕ್ಕೂ ಇಲ್ಲದಂತಾದರೆ ಮೂರನೇ ಒಂದು ಪಾಲು ಏರಬೇಕು, ಶೇಕಡಾ 6 ಅಲ್ಲ. ಹಾಗಾಗಿ ನನಗೆ ಜಾಯಿಂಟ್ ಮೇಲೆಯೇ ಗುಮಾನಿ. ಇನ್ನೊಂದು ಮಾತು. ನಾನು ಆರೂ ವಯರ್ ಬಿಚ್ಚಿದ್ದರಿಂದ ಇದು ಇಷ್ಟು ಸ್ಪಷ್ಟವಾಯಿತು. ಡೆಲ್ಟಾ ಕಟ್ಟಿಕೊಂಡೇ ಲೈನಿನಿಂದ ಲೈನಿಗೆ ಅಳೆದಿದ್ದರೆ ಪ್ರತಿ ಅಳತೆಯಲ್ಲೂ ಮೂರು ಫೇಸ್‌ಗಳು ಬೆರೆತು, ಒಂದರ ದೋಷ ಮೂರಕ್ಕೂ ಹಂಚಿಹೋಗಿ ಗೊಂದಲವಾಗುತ್ತಿತ್ತು.

ಟರ್ಮಿನಲ್ ಬಾಕ್ಸ್ ಮುಚ್ಚಳ ತೆಗೆದೆವು. ಸಿ2 ವಯರಿನ ತುದಿಯ ಹಿತ್ತಾಳೆ ಲಗ್ ನೀಲಿ ಹಸಿರು ಪುಡಿ ಹಿಡಿದು ಬೋಲ್ಟ್‌ಗೆ ಅಂಟಿಕೊಂಡಿತ್ತು, ಪಕ್ಕದ ವಯರಿನ ಪಿವಿಸಿ ಕಂದಾಗಿ ಗರಿಗರಿಯಾಗಿತ್ತು. ಕಡಲ ಉಪ್ಪು ಗಾಳಿ ಸಾಲದ್ದಕ್ಕೆ ಕಂಪ್ರೆಸರ್ ರೂಮಿನ ಅಮೋನಿಯಾ. ತೇವದ ಜೊತೆ ಸೇರಿದ ಅಮೋನಿಯಾ ತಾಮ್ರವನ್ನೂ ಹಿತ್ತಾಳೆಯನ್ನೂ ತಿನ್ನುತ್ತದೆ. ಲಗ್ ಬಿಚ್ಚಿ, ಮೋಟರ್ ಲೀಡುಗಳ ಮೇಲೆಯೇ ನೇರವಾಗಿ ಮತ್ತೆ ಅಳೆದೆ. ಎ 0.404, ಬಿ 0.405, ಸಿ 0.402. ಕೇಬಲ್‌ನ ಪಾಲು ಮೂರರಲ್ಲೂ ಹೆಚ್ಚುಕಡಿಮೆ ಒಂದೇ, 0.132. ಸಿಯಲ್ಲಿ ಮೇಲಿಂದ ಬಂದಿದ್ದ 0.035 ಓಮ್ ಪೂರ್ತಿ ಆ ಲಗ್‌ನದ್ದು. ಫುಲ್ ಲೋಡ್‌ನಲ್ಲಿ ಫೇಸ್ ಒಳಗೆ ಹರಿಯುವುದು 23 ಆಂಪ್. ಲೆಕ್ಕ ಹಾಕಿದರೆ ಹೆಬ್ಬೆರಳು ಗಾತ್ರದ ಆ ಲಗ್ ಒಂದರಲ್ಲೇ 18 ವ್ಯಾಟ್ ಬಿಸಿ. ಪಿವಿಸಿ ಬೆಂದದ್ದು ಅದಕ್ಕೇ.

‘ಹಾಗಾದ್ರೆ ಅದನ್ನು ಬದಲು ಮಾಡಿ ಸ್ಟಾರ್ಟ್ ಮಾಡುವ’ ಎಂದರು ಧಣಿ. ಅವರ ಅವಸರ ನನಗೂ ಅರ್ಥವಾಗುತ್ತಿತ್ತು. ಆದರೆ ಲೆಕ್ಕ ಕೂಡುತ್ತಿರಲಿಲ್ಲ. ಕೆಟ್ಟ ಜಾಯಿಂಟ್ ಎಂದರೆ ದಾರಿಯಲ್ಲಿ ಒಂದು ಅಡ್ಡಿ. ಅದು ಆ ಫೇಸ್‌ನ ಕರೆಂಟನ್ನು ತಗ್ಗಿಸುತ್ತದೆ. ಎಂಸಿಸಿಬಿ ಕ್ಷಣದಲ್ಲಿ ಬೀಳಬೇಕಾದರೆ ಕರೆಂಟ್ ವಿಪರೀತ ಏರಬೇಕು. ನಮಗೆ ಸಿಕ್ಕಿದ್ದು ನಿಜವಾದ ದೋಷವೇ, ಆದರೆ ಟ್ರಿಪ್ ಮಾಡಿಸಿದ ದೋಷ ಅದಲ್ಲ. ಮೋಟರ್ ಬಿಚ್ಚಿ ಟೆಂಪೋ ಹತ್ತಿಸಿದೆವು.

ಇಲ್ಲಿ ರೆಸಿಸ್ಟೆನ್ಸ್ ಅಳತೆ ಎಷ್ಟು ಹೇಳಬಲ್ಲದು ಎಂಬುದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಎಷ್ಟೋ ಜನ ಮೂರೂ ಫೇಸ್ ಸಮ ಬಂದರೆ ವೈಂಡಿಂಗ್ ಸರಿ ಎಂದುಕೊಳ್ಳುತ್ತಾರೆ. ಇಡೀ ಒಂದು ಕಾಯಿಲ್ ಗಟ್ಟಿಯಾಗಿ ಶಾರ್ಟ್ ಆದರೆ 160ರಲ್ಲಿ 10 ಸುತ್ತು ಹೋಯಿತು, ಶೇಕಡಾ 6ಕ್ಕಿಂತ ಹೆಚ್ಚು ಇಳಿಯುತ್ತದೆ, ಕಾಣುತ್ತದೆ. ಒಂದೇ ಸುತ್ತು ಶಾರ್ಟ್ ಆದರೆ ಇಳಿಯುವುದು ಶೇಕಡಾ 0.6, ಅಂದರೆ 0.404 ಇದ್ದದ್ದು 0.4015 ಆಗುತ್ತದೆ. ನಮ್ಮ ಸಿ ಫೇಸ್ 0.402 ಇತ್ತಲ್ಲ, ಅದು ಒಂದು ಸುತ್ತಿನ ಶಾರ್ಟೋ, ಸುತ್ತಿದವನ ಕೈ ಸ್ವಲ್ಪ ಬಿಗಿಯಾಗಿದ್ದು ಕಾಯಿಲ್ ಒಂದಿಷ್ಟು ಗಿಡ್ಡ ಆದದ್ದೋ? ಈ ಅಳತೆಯಿಂದ ಹೇಳಲಿಕ್ಕೆ ಸಾಧ್ಯವೇ ಇಲ್ಲ. ಕೈಯಲ್ಲಿ ಸುತ್ತಿದ ಮೋಟರ್‌ನಲ್ಲಿ ಸರಾಸರಿಯಿಂದ ಶೇಕಡಾ 2ರೊಳಗಿನ ವ್ಯತ್ಯಾಸವನ್ನು ನಾವು ಸಹಜ ಎಂದೇ ಬಿಡುತ್ತೇವೆ. ಇನ್ನು ಮೂರನೆಯ ಜಾತಿಯ ಫಾಲ್ಟ್ ಇದೆ. ಇನ್ಸುಲೇಷನ್ ಸವೆದಿದೆ, ಆದರೆ ತಾಮ್ರಕ್ಕೆ ತಾಮ್ರ ಇನ್ನೂ ತಾಗಿಲ್ಲ. ನಡುವೆ ಕೂದಲೆಳೆಯಷ್ಟು ಸಂದು ಇದೆ. ಎರಡು ವೋಲ್ಟ್ ಡಿಸಿಗೆ ಅದು ಪೂರ್ತಿ ಮುಚ್ಚಿದ ಬಾಗಿಲು. ಮೆಗ್ಗರ್ ಕೂಡ ಇದನ್ನು ನೋಡಲಾರದು. ಅದು ಕೊಡುವ 500 ವೋಲ್ಟ್ ಇಡೀ ವೈಂಡಿಂಗ್‌ಗೂ ಬಾಡಿಗೂ ನಡುವೆ ನಿಲ್ಲುತ್ತದೆ, ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ನಡುವೆ ಸೊನ್ನೆ.

ಅಂಗಡಿಗೆ ಬಂದ ಮೇಲೆ ಮೊದಲ ಕೆಲಸ ಒಣಗಿಸುವುದು. 8 ಮೆಗಾ ಓಮ್ ಪಾಸಾದರೂ ಎರಡು ತಿಂಗಳು ಮಳೆಗಾಲದಲ್ಲಿ ಸುಮ್ಮನೆ ಕುಳಿತ ಮೋಟರ್ ಅದು. ತೇವದಲ್ಲೇ ಸರ್ಜ್ ಪರೀಕ್ಷೆಯ ಹೆಚ್ಚಿನ ವೋಲ್ಟೇಜ್ ಹಾಕಿದರೆ ಸರಿಯಿದ್ದ ಜಾಗವೂ ಕಿಡಿ ಹಾರಿ ಹಾಳಾಗಬಹುದು, ತಪಾಸಣೆಗೆಂದು ಬಂದ ಮೋಟರನ್ನು ನಾವೇ ಕೊಂದಂತೆ. ಸುಮಾರು 90 ಡಿಗ್ರಿ ಓವನ್‌ನಲ್ಲಿ ಎಂಟು ಗಂಟೆ ಇಟ್ಟೆವು. ಪೂರ್ತಿ ತಣಿದ ಮೇಲೆ ಮೆಗ್ಗರ್ 300 ತೋರಿಸಿತು.

ಈ ನಡುವೆ ಒಂದು ಗಾಬರಿಯೂ ಆಯಿತು. ಅಂಗಡಿಯ ಹುಡುಗ ಸಂಜೆ ಓವನ್‌ನಿಂದ ತೆಗೆದ ಸ್ವಲ್ಪ ಹೊತ್ತಿಗೆ ಎ ಮತ್ತು ಬಿ ಫೇಸ್ ಅಳೆದು ಬರೆದಿಟ್ಟ, ಅಷ್ಟರಲ್ಲಿ ಕರೆಂಟ್ ಹೋಯಿತು. ಮರುದಿನ ಬೆಳಿಗ್ಗೆ ಸಿ ಅಳೆದ. ನಾನು ಬರುವಷ್ಟರಲ್ಲಿ ಪುಸ್ತಕ ಹಿಡಿದು ನಿಂತಿದ್ದ. ‘ಅಣ್ಣ, ಎ 0.480, ಬಿ 0.481, ಸಿ ಬರೀ 0.402. ಮೂರು ಕಾಯಿಲ್ ಆದ್ರೂ ಹೋಗಿರ್ಬೇಕು.’ ಅಳತೆಯಲ್ಲಿ ತಪ್ಪಿರಲಿಲ್ಲ. ತಾಮ್ರ ಬಿಸಿಯಾದರೆ ರೆಸಿಸ್ಟೆನ್ಸ್ ಏರುತ್ತದೆ, ಹತ್ತು ಡಿಗ್ರಿಗೆ ಶೇಕಡಾ 4ರಷ್ಟು. ಸಂಜೆ ಕೋರ್ 80 ಡಿಗ್ರಿ ಇತ್ತು ಎಂದು ಅವನೇ ಬರೆದುಕೊಂಡಿದ್ದ. ಎಲ್ಲವನ್ನೂ ಒಂದೇ ಉಷ್ಣತೆಗೆ, ಇಲ್ಲಿ 30 ಡಿಗ್ರಿಗೆ, ತರುವ ಸೂತ್ರ ಇದು:

```
R30 = R × (234.5 + 30) / (234.5 + T)
```

0.480ನ್ನು 264.5ರಿಂದ ಗುಣಿಸಿ 314.5ರಿಂದ ಭಾಗಿಸಿದರೆ 0.404. ಮಲ್ಪೆಯಲ್ಲಿ ಸಿಕ್ಕಿದ ಅಂಕಿಯೇ. ಹುಡುಗ ಎರಡು ಸಲ ಕ್ಯಾಲ್ಕುಲೇಟರ್ ಒತ್ತಿ ನೋಡಿದ. ಆಮೇಲೆ ಮೂರೂ ಫೇಸನ್ನು ಒಂದೇ ಹೊತ್ತಿಗೆ, ತಣಿದ ಮೋಟರ್ ಮೇಲೆ ಅವನ ಕೈಯಿಂದಲೇ ಮತ್ತೆ ಅಳೆಸಿದೆ. ಅಂದಿನಿಂದ ನಮ್ಮ ಪುಸ್ತಕದಲ್ಲಿ ಓಮ್ ಪಕ್ಕದಲ್ಲಿ ಉಷ್ಣತೆ ಬರೆಯದ ಸಾಲು ಒಂದೂ ಇಲ್ಲ.

ಇನ್ನು ಸರ್ಜ್. ಯಂತ್ರದ ಒಳಗೆ ಒಂದು ಕೆಪಾಸಿಟರ್ ಇರುತ್ತದೆ. ಅದನ್ನು ಬೇಕಾದ ವೋಲ್ಟ್‌ಗೆ ಚಾರ್ಜ್ ಮಾಡಿ ಒಮ್ಮೆಲೇ ವೈಂಡಿಂಗ್ ಮೇಲೆ ಬಿಡುತ್ತದೆ. ಕೆಪಾಸಿಟರ್ ಮತ್ತು ವೈಂಡಿಂಗ್ ಸೇರಿ ದೇವಸ್ಥಾನದ ಗಂಟೆ ಬಾರಿಸಿದ ಹಾಗೆ ಒಂದು ಕಂಪನ ಎದ್ದು, ಅಲೆ ಅಲೆಯಾಗಿ ತಗ್ಗುತ್ತ ಹೋಗುತ್ತದೆ. ಪರದೆಯ ಮೇಲೆ ಆ ಅಲೆ ಕಾಣುತ್ತದೆ. ಅಲೆ ಎಷ್ಟು ಬೇಗ ಬೇಗ ಬರುತ್ತದೆ ಎನ್ನುವುದು ವೈಂಡಿಂಗ್‌ನ ಇಂಡಕ್ಟೆನ್ಸ್ ಮೇಲೆ ನಿಂತಿದೆ. ಸುತ್ತು ಶಾರ್ಟ್ ಆದರೆ ಇಂಡಕ್ಟೆನ್ಸ್ ಇಳಿಯುತ್ತದೆ, ಅಲೆಗಳು ಒತ್ತೊತ್ತಾಗಿ ಬರುತ್ತವೆ, ಇಡೀ ಚಿತ್ರ ಎಡಕ್ಕೆ ಸರಿಯುತ್ತದೆ. ಮೂರೂ ಫೇಸ್‌ಗಳು ಒಂದೇ ತರಹ ಇರಬೇಕಾದ್ದರಿಂದ ಮೂರು ಅಲೆಗಳು ಒಂದರ ಮೇಲೊಂದು ಕೂರಬೇಕು.

ಇದರ ನಿಜವಾದ ಶಕ್ತಿ ಇರುವುದು ವೋಲ್ಟೇಜ್‌ನಲ್ಲಿ. ಗಾಳಿಯ ಸಂದು ಎಷ್ಟೇ ಚಿಕ್ಕದಿರಲಿ, ಸುಮಾರು 330 ವೋಲ್ಟ್‌ಗಿಂತ ಕೆಳಗೆ ಅದನ್ನು ದಾಟಿ ಕಿಡಿ ಹಾರುವುದಿಲ್ಲ. ಸವೆದ ಜಾಗದ ಎರಡು ಬದಿಯ ನಡುವೆ ಅಷ್ಟು ವೋಲ್ಟೇಜ್ ನಿಲ್ಲಿಸಿದರೆ ಮಾತ್ರ ಆ ಬಾಗಿಲು ತೆರೆಯುತ್ತದೆ. ನಾವು ಬಳಸುವ ಮಿತಿ, ಲೈನ್ ವೋಲ್ಟೇಜ್‌ನ ಎರಡು ಪಟ್ಟಿಗೆ 1000 ಕೂಡಿಸಿದ್ದು. 415ಕ್ಕೆ ಅದು 1830 ವೋಲ್ಟ್. ಒಂದೇ ಏಟಿಗೆ ಅಲ್ಲಿಗೆ ಹೋಗಬಾರದು. 300ರಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಏರಿಸುತ್ತ, ಪ್ರತಿ ಹೆಜ್ಜೆಯಲ್ಲೂ ಹಿಂದಿನ ಅಲೆಯನ್ನು ಈಗಿನ ಅಲೆಯ ಜೊತೆ ಹೋಲಿಸಬೇಕು. ಅಲೆ ಎತ್ತರವಾಗಬೇಕು, ಆದರೆ ಸೊನ್ನೆ ಗೆರೆ ದಾಟುವ ಜಾಗಗಳು ಕದಲಬಾರದು. ಪರೀಕ್ಷೆ ಮಾಡದ ಎರಡು ಫೇಸ್ ಮತ್ತು ಬಾಡಿ ಅರ್ತ್‌ಗೆ ಕಟ್ಟಿರಬೇಕು, ಇಲ್ಲದಿದ್ದರೆ ಅವುಗಳ ತುದಿಯಲ್ಲೂ ಅಪಾಯದ ವೋಲ್ಟೇಜ್ ಏಳುತ್ತದೆ.

ರೋಟರ್ ಒಳಗಿರುವಾಗಲೇ ಮೊದಲ ಸಲ ಹಾಕಿದೆ. 500 ವೋಲ್ಟ್‌ನಲ್ಲೇ ಮೂರು ಅಲೆಗಳು ಸ್ವಲ್ಪ ಬೇರೆ ಬೇರೆ ಕಂಡವು. ಹುಡುಗ ನನ್ನ ಮುಖ ನೋಡಿದ. ಹೊಸಬರು ಎಡವುವ ಜಾಗ ಇದೇ. ರೋಟರ್‌ನ ಬಾರುಗಳು ಯಾವ ಹಲ್ಲಿನ ಎದುರು ನಿಂತಿವೆ ಎಂಬುದರ ಮೇಲೆ ಪ್ರತಿ ಫೇಸ್‌ನ ಇಂಡಕ್ಟೆನ್ಸ್ ಸ್ವಲ್ಪ ಬದಲಾಗುತ್ತದೆ. ಶಾಫ್ಟನ್ನು ಕೈಯಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸಿ ಪ್ರತಿ ಸಲ ನೋಡಿದರೆ ಒಳ್ಳೆಯ ಫೇಸ್‌ನ ಅಲೆ ಅತ್ತಿತ್ತ ಮೆಲ್ಲನೆ ತೂಗುತ್ತದೆ, ಒಂದು ಸ್ಥಾನದಲ್ಲಿ ಪಕ್ಕದ ಅಲೆಯ ಮೇಲೆ ಸರಿಯಾಗಿ ಕೂರುತ್ತದೆ. ಈ ಮೋಟರ್‌ನಲ್ಲೂ ಹಾಗೇ ಕೂತಿತು. (ತಿರುಗಿಸುವಾಗ ಯಂತ್ರ ಆಫ್, ಕೈ ತೆಗೆದ ಮೇಲೆ ಆನ್. ಇದರಲ್ಲಿ ರಾಜಿ ಇಲ್ಲ.)

ಎ ಮತ್ತು ಬಿ 1830ರವರೆಗೆ ಅಲುಗಾಡದೆ ನಿಂತವು. ಸಿ ಫೇಸ್‌ಗೆ ಸಿ1 ಕಡೆಯಿಂದ ಕೊಟ್ಟು ಏರಿಸುತ್ತ ಬಂದೆ. 900 ಸರಿ. 1000 ಸರಿ. 1050ರಲ್ಲಿ ಒಂದು ಪಲ್ಸ್ ಸರಿ ಬಂದು ಮುಂದಿನದು ಥಟ್ಟನೆ ಎಡಕ್ಕೆ ಹಾರಿತು, ಎತ್ತರವೂ ಕುಸಿಯಿತು. ಮತ್ತೊಂದು ಪಲ್ಸ್ ಸರಿ, ಮತ್ತೊಂದು ಎಡಕ್ಕೆ. ಮೋಟರ್ ಒಳಗಿಂದ ಹಲ್ಲಿ ಲೊಚಗುಟ್ಟಿದಂಥ ಸಣ್ಣ ಸದ್ದು. ವೋಲ್ಟೇಜ್ 900ಕ್ಕೆ ಇಳಿಸಿದರೆ ಅಲೆ ಮತ್ತೆ ತಣ್ಣಗೆ ತನ್ನ ಜಾಗಕ್ಕೆ ಬಂತು. ರೋಟರ್‌ನಿಂದ ಆಗುವ ವ್ಯತ್ಯಾಸ ಮೆಲ್ಲನೆ ತೂಗುತ್ತದೆ, ವೋಲ್ಟೇಜ್ ಎಷ್ಟೇ ಇದ್ದರೂ ಇರುತ್ತದೆ. ಹೀಗೆ ಒಂದು ಮಟ್ಟ ದಾಟಿದ ಮೇಲೆ ಮಾತ್ರ ಹಾರಿ ಕೂರುವುದು ಇನ್ಸುಲೇಷನ್ ದಾಟಿ ಕಿಡಿ ಹೋಗುತ್ತಿರುವುದರ ಗುರುತು. ಅದನ್ನು ಖಚಿತ ಮಾಡಿಕೊಂಡ ಮೇಲೆ ಮತ್ತೆ ಮತ್ತೆ ಪಲ್ಸ್ ಹೊಡೆಯುತ್ತ ಕೂರಬಾರದು, ಪ್ರತಿ ಕಿಡಿಯೂ ಆ ಜಾಗವನ್ನು ಇನ್ನಷ್ಟು ಸುಡುತ್ತದೆ.

ಇನ್ನೊಂದು ಪರೀಕ್ಷೆ ಬಾಕಿ ಇತ್ತು. ಲೀಡ್ ತಿರುಗಿಸಿ ಸಿ2 ಕಡೆಯಿಂದ ಕೊಟ್ಟೆ. ಈ ಸಲ 1500ರವರೆಗೆ ತಡೆದು ಆಮೇಲೆ ಒಡೆಯಿತು. ಸರ್ಜ್‌ನ ಮುಂಭಾಗ ಬಹಳ ಕಡಿದು, ಒಂದು ಮೈಕ್ರೋಸೆಕೆಂಡ್‌ಗಿಂತಲೂ ಕಡಿಮೆ ಸಮಯದಲ್ಲಿ ಏರುತ್ತದೆ. ಹಾಗಾಗಿ ವೋಲ್ಟೇಜ್ 16 ಕಾಯಿಲ್‌ಗೆ ಸಮನಾಗಿ ಹಂಚಿಕೊಳ್ಳುವುದಿಲ್ಲ. ಒಳಹೊಗುವ ತುದಿಯ ಮೊದಲ ಕಾಯಿಲ್‌ಗಳೇ ಹೆಚ್ಚಿನ ಪಾಲು ಹೊರುತ್ತವೆ. ಸಿ1 ಕಡೆಯಿಂದ ಕಡಿಮೆ ವೋಲ್ಟ್‌ಗೆ ಒಡೆಯಿತೆಂದರೆ ಫಾಲ್ಟ್ ಸಿ1ಕ್ಕೆ ಹತ್ತಿರ ಇರಬೇಕು. ಒಂದೇ ಕಡೆಯಿಂದ ಪರೀಕ್ಷೆ ಮಾಡಿ ಮುಗಿಸುವವರಿಗೆ ಇನ್ನೊಂದು ತುದಿಯ ಫಾಲ್ಟ್ ತಪ್ಪಿಹೋಗುವುದೂ ಇದೇ ಕಾರಣಕ್ಕೆ.

ರೋಟರ್ ಹೊರಗೆ ತೆಗೆದು ಸ್ಟೇಟರನ್ನು ಮೇಜಿನ ಮೇಲೆ ಇಟ್ಟೆವು. ಶಟರ್ ಎಳೆದು ಲೈಟ್ ಆಫ್ ಮಾಡಿಸಿ, ಸಿ1ರಿಂದ 1050ಕ್ಕೆ ಎರಡೇ ಎರಡು ಪಲ್ಸ್. ಕನೆಕ್ಷನ್ ಕಡೆಯ ಓವರ್‌ಹ್ಯಾಂಗ್‌ನಲ್ಲಿ, ಗಡಿಯಾರದ ನಾಲ್ಕು ಗಂಟೆಯ ಜಾಗದಲ್ಲಿ, ಕಟ್ಟಿದ ದಾರದ ಕೆಳಗೆ ಸಾಸಿವೆ ಕಾಳಿನಷ್ಟು ನೀಲಿ ಬೆಳಕು. ಹುಡುಗನಿಗೂ ಕಂಡಿತು, ಕೂಗಿಯೇ ಬಿಟ್ಟ. ಇಷ್ಟು ಸುಲಭವಾಗಿ ಎಲ್ಲ ಸಲ ಕಾಣುವುದಿಲ್ಲ. ಕಿಡಿ ಸ್ಲಾಟ್ ಒಳಗೆ ಇದ್ದರೆ ಗ್ರೂಪ್ ಗ್ರೂಪ್ ನಡುವಿನ ಜಾಯಿಂಟ್ ಬಿಡಿಸಿ, ನಾಲ್ಕು ಗ್ರೂಪ್‌ಗಳನ್ನು ಒಂದಕ್ಕೊಂದು ಹೋಲಿಸಿ ಸರ್ಜ್ ಮಾಡಬೇಕಾಗುತ್ತಿತ್ತು. ಸ್ಲಾಟ್ ಒಳಗೆ ಎಂದು ಗೊತ್ತಾದ ಮೇಲೆ ರಿವೈಂಡ್ ಬಿಟ್ಟು ಬೇರೆ ದಾರಿಯೂ ಇರುತ್ತಿರಲಿಲ್ಲ.

ಆ ಜಾಗದ ದಾರ ಕತ್ತರಿಸಿ ನೋಡಿದೆ. ಸಿ1 ಲೀಡ್ ಟರ್ಮಿನಲ್ ಬಾಕ್ಸ್‌ನಿಂದ ಬಂದು ಮೊದಲ ಕಾಯಿಲ್‌ನ ತಂತಿಗಳಿಗೆ ಬೆಸೆದ ಜಾಯಿಂಟ್ ಅಲ್ಲಿತ್ತು. ಅದರ ಮೇಲಿನ ಫೈಬರ್ ಗ್ಲಾಸ್ ಸ್ಲೀವ್ ಒಂದು ಇಂಚು ಗಿಡ್ಡ. ಸ್ಲೀವ್ ಮುಗಿದ ಜಾಗದಲ್ಲಿ ಬೆಸುಗೆಯ ಒಂದು ಚೂಪು ಮೊನೆ ಹೊರಗೆ ಚಾಚಿತ್ತು. ಅದರ ಕೆಳಗೆ ಹಾದುಹೋಗಿದ್ದು ಅದೇ ಗ್ರೂಪ್‌ನ ನಾಲ್ಕನೆಯ ಕಾಯಿಲ್. ದಾರ ಬಿಗಿದು ಕಟ್ಟಿದ್ದರಿಂದ, ಮೋಟರ್ ಪ್ರತಿ ಸಲ ಚಾಲೂ ಆಗುವಾಗ ಓವರ್‌ಹ್ಯಾಂಗ್ ಅದುರುವ ಅದುರಿಗೆ, ಆ ಮೊನೆ ನಾಲ್ಕನೆಯ ಕಾಯಿಲ್‌ನ ಒಂದು ತಂತಿಯ ಎನಾಮಲನ್ನು ಉಜ್ಜಿ ಉಜ್ಜಿ ತೆಗೆದಿತ್ತು. ತಂತಿಯ ಮೇಲೆ ಗುಂಡುಸೂಜಿ ತಲೆಯಷ್ಟು ಕಪ್ಪು ಕುಳಿ.

ಇಷ್ಟು ನೋಡಿದ ಮೇಲೆ ಮಲ್ಪೆಯಲ್ಲಿ ಆದದ್ದೆಲ್ಲ ತಾಳೆಯಾಯಿತು. ಫೇಸ್‌ನ ಆರಂಭಕ್ಕೂ ನಾಲ್ಕನೆಯ ಕಾಯಿಲ್‌ನ ಕೊನೆಗೂ ನಡುವೆ 40 ಸುತ್ತು, ಫೇಸ್‌ನ ಕಾಲು ಪಾಲು. ಡೆಲ್ಟಾದಲ್ಲಿ ಅಲ್ಲಿ ನಿಲ್ಲುವುದು 104 ವೋಲ್ಟ್, ಸ್ಟಾರ್‌ನಲ್ಲಿ 60. ಎರಡೂ ಕಿಡಿ ಹಾರಿಸಲು ಸಾಲದು, ಅದಕ್ಕೇ ಸ್ಟಾರ್‌ನಲ್ಲಿ ತೊಂದರೆ ಇಲ್ಲ, ಡೆಲ್ಟಾದಲ್ಲಿಯೂ ಒಮ್ಮೊಮ್ಮೆ ಓಡುತ್ತದೆ. ಆದರೆ ಸ್ಟಾರ್ ಬಿಟ್ಟು ಡೆಲ್ಟಾ ಹಿಡಿಯುವ ನಡುವೆ ಮೋಟರ್ ಕ್ಷಣಕಾಲ ಸಪ್ಲೈಯಿಂದ ಕಳಚಿಕೊಂಡಿರುತ್ತದೆ. ಆಗ ವೈಂಡಿಂಗ್‌ನಲ್ಲಿ ಉಳಿದ ವೋಲ್ಟೇಜ್ ಮತ್ತು ಲೈನ್ ವೋಲ್ಟೇಜ್ ಎದುರುಬದುರಾದ ಗಳಿಗೆಯಲ್ಲಿ ಕಾಂಟ್ಯಾಕ್ಟರ್ ಕೂಡಿಕೊಂಡರೆ ಕಡಿದಾದ ಒಂದು ಏಟು ಮೊದಲ ಕಾಯಿಲ್‌ಗಳ ಮೇಲೆ ಬೀಳುತ್ತದೆ. ನಮ್ಮ ಯಂತ್ರ ಕೊಟ್ಟಂಥದ್ದೇ ಏಟು. ಯಾವ ಗಳಿಗೆಯಲ್ಲಿ ಕೂಡಿಕೊಳ್ಳುತ್ತದೆ ಎಂಬುದು ಪ್ರತಿ ಸಲ ಬೇರೆ, ಅದಕ್ಕೇ ಮೂರರಲ್ಲಿ ಎರಡು ಸಲ. ಒಮ್ಮೆ ಕಿಡಿ ಹತ್ತಿದರೆ 40 ಸುತ್ತು ತಮ್ಮೊಳಗೇ ಶಾರ್ಟ್, ಕರೆಂಟ್ ಚಿಮ್ಮಿ ಎಂಸಿಸಿಬಿ ಬೀಳುತ್ತದೆ, ಕಿಡಿ ಆರುತ್ತದೆ, ಸಂದು ಮತ್ತೆ ಮುಚ್ಚಿದ ಬಾಗಿಲಾಗುತ್ತದೆ. ಆಮೇಲೆ ಯಾವ ಮೀಟರ್ ಹಿಡಿದರೂ ಏನೂ ಕಾಣುವುದಿಲ್ಲ. ಈ 40 ಸುತ್ತು ಗಟ್ಟಿಯಾಗಿ ಶಾರ್ಟ್ ಆಗಿದ್ದರೆ ಸಿ ಫೇಸ್‌ನ ರೆಸಿಸ್ಟೆನ್ಸ್ ಕಾಲು ಭಾಗ ಇಳಿದು 0.3ರ ಹತ್ತಿರ ಇರಬೇಕಿತ್ತು. ನಾವು ಅಳೆದದ್ದು 0.402. ಅಳತೆ ಸುಳ್ಳು ಹೇಳಲಿಲ್ಲ, ಆ ಗಳಿಗೆಯಲ್ಲಿ ಅಲ್ಲಿ ಶಾರ್ಟ್ ಇರಲೇ ಇಲ್ಲ.

ರಿವೈಂಡ್ ಮಾಡಬೇಕೋ ಬೇಡವೋ ಎಂದು ನಾನು ಸ್ವಲ್ಪ ಹೊತ್ತು ಯೋಚಿಸಿದೆ. ಉಳಿದ ಕಾಯಿಲ್‌ಗಳ ವಾರ್ನಿಷ್ ಗಟ್ಟಿಯಾಗಿತ್ತು, ಉಗುರಿನಿಂದ ಕೆರೆದರೆ ಪುಡಿಯಾಗಲಿಲ್ಲ, ಸ್ಲಾಟ್ ಬಾಯಲ್ಲಿ ಎಲ್ಲೂ ಕಪ್ಪು ಇರಲಿಲ್ಲ. ಎ, ಬಿ ಎರಡೂ ಪೂರ್ತಿ ವೋಲ್ಟೇಜ್ ತಡೆದಿದ್ದವು. ಫಾಲ್ಟ್ ಕೈಗೆ ಸಿಗುವ ಜಾಗದಲ್ಲಿತ್ತು. ಇಂಥದ್ದಕ್ಕೆ 48 ಕಾಯಿಲ್ ಕೊಯ್ದು ಹಾಕುವುದು ನನಗೆ ಸರಿ ಕಾಣಲಿಲ್ಲ. ಕುಳಿಬಿದ್ದ ತಂತಿಯ ವಿಚಾರದಲ್ಲಿ ಮಾತ್ರ ಮನಸ್ಸು ಪೂರ್ತಿ ಒಪ್ಪಲಿಲ್ಲ. ನಾಲ್ಕರಲ್ಲಿ ಒಂದು ತಂತಿ, ಕುಳಿ ಮೇಲ್ಮೈಯಷ್ಟೇ. ಆದರೂ ಅದು ಗಾಯ. ಧಣಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ‘ಈಗ ರಿಪೇರಿ ಮಾಡಿ ಪೂರ್ತಿ ವೋಲ್ಟೇಜ್‌ಗೆ ಟೆಸ್ಟ್ ಮಾಡಿ ಕೊಡ್ತೇನೆ. ಟೆಸ್ಟ್‌ನಲ್ಲಿ ನಿಲ್ಲದಿದ್ರೆ ರಿವೈಂಡೇ. ನಿಂತರೂ ಮುಂದಿನ ಜೂನ್‌ನಲ್ಲಿ ಬೋಟ್ ಬಂದ್ ಆದಾಗ ಒಮ್ಮೆ ತನ್ನಿ.’ ಅವರು ಒಪ್ಪಿದರು.

ಸಿ1 ಲೀಡನ್ನು ಎತ್ತಿ, ಬೆಸುಗೆಯ ಮೊನೆಯನ್ನು ಅರದಿಂದ ಉಜ್ಜಿ ನುಣುಪು ಮಾಡಿ, ಜಾಯಿಂಟ್ ದಾಟಿ ಎರಡು ಇಂಚು ಮುಂದಕ್ಕೆ ಬರುವಂತೆ ಹೊಸ ಸ್ಲೀವ್ ಹಾಕಿದೆವು. ಕುಳಿಯ ಜಾಗಕ್ಕೆ ಪಾಲಿಯೆಸ್ಟರ್ ಫಿಲ್ಮ್ ಸುತ್ತಿ, ಲೀಡಿಗೂ ಕಾಯಿಲ್‌ಗೂ ನಡುವೆ ಇನ್ನೊಂದು ಹಾಳೆ ತೂರಿಸಿ, ಲೀಡನ್ನು ಬೇರೆ ದಾರಿಯಲ್ಲಿ ಹಾಯಿಸಿ ಕಟ್ಟಿದೆವು. ಆಮೇಲೆ ವಾರ್ನಿಷ್, ಓವನ್, ತಣಿಸುವುದು. ಸರ್ಜ್ ಮತ್ತೆ 300ರಿಂದ 1830ರವರೆಗೆ, ಸಿ1ರಿಂದ ಒಮ್ಮೆ, ಸಿ2ರಿಂದ ಒಮ್ಮೆ. ರೋಟರ್ ಹೊರಗಿದ್ದಾಗ ಮೂರು ಅಲೆಗಳು ಒಂದೇ ಗೆರೆಯಂತೆ ಕೂತವು.

ಮೋಟರ್ ಕೂರಿಸಲು ಹೋದಾಗ ಸ್ಟಾರ್ಟರ್ ಟೈಮರ್ ನೋಡಿದೆ. 3 ಸೆಕೆಂಡ್‌ಗೆ ಇಟ್ಟಿದ್ದರು. ಕಂಪ್ರೆಸರ್ ಇನ್ನೂ ವೇಗಕ್ಕೆ ಬರುವ ಮೊದಲೇ ಡೆಲ್ಟಾಕ್ಕೆ ತಳ್ಳಿದಂತೆ, ಏಟು ಜೋರಾಗುತ್ತದೆ. ಕ್ಲ್ಯಾಂಪ್ ಮೀಟರ್ ಹಿಡಿದು, ಸ್ಟಾರ್‌ನಲ್ಲಿ ಕರೆಂಟ್ ಇಳಿದು ನಿಲ್ಲುವವರೆಗೆ ಎಷ್ಟು ಹೊತ್ತು ಎಂದು ನೋಡಿದರೆ 7 ಸೆಕೆಂಡ್. ಟೈಮರನ್ನು 8ಕ್ಕೆ ಇಟ್ಟೆ. ಆರೂ ಲಗ್‌ಗಳನ್ನು ತವರ ಲೇಪದ ತಾಮ್ರದವಕ್ಕೆ ಬದಲಿಸಿದೆವು. ಪ್ಯಾನೆಲ್‌ನಿಂದ ಮತ್ತೆ ಅಳೆದಾಗ ಮೂರೂ ಫೇಸ್ 0.535ರ ಆಸುಪಾಸು. ಹನ್ನೆರಡು ಸಲ ಸ್ಟಾರ್ಟ್ ಮಾಡಿಸಿದೆ, ನಡುನಡುವೆ ತಣಿಯಲು ಬಿಟ್ಟು. ಒಂದು ಸಲವೂ ಬೀಳಲಿಲ್ಲ. ಲೋಡ್‌ನಲ್ಲಿ 31, 31, 32 ಆಂಪ್.

ಧಣಿ ಮಾತಿಗೆ ತಪ್ಪದೆ ಮರುವರ್ಷ ಜೂನ್ ಎರಡನೇ ವಾರ ಮೋಟರ್ ಕಳಿಸಿದರು. ಒಣಗಿಸಿ ಸರ್ಜ್ ಹಾಕಿದಾಗ ಸಿ ಫೇಸ್ ಎರಡೂ ಕಡೆಯಿಂದ 1830 ತಡೆಯಿತು. ಆದರೆ ಟರ್ಮಿನಲ್ ಬಾಕ್ಸ್ ತೆರೆದಾಗ ಸಿ2ರ ಹೊಸ ಲಗ್‌ನ ಅಂಚಿನಲ್ಲಿ ಅದೇ ನೀಲಿ ಹಸಿರು ಮತ್ತೆ ಶುರುವಾಗಿತ್ತು. ಮುಚ್ಚಳದ ರಬ್ಬರ್ ಗ್ಯಾಸ್ಕೆಟ್ ಆ ಮೂಲೆಯಲ್ಲಿ ಹರಿದಿದ್ದನ್ನು ನಾನು ಹಿಂದಿನ ಸಲ ಗಮನಿಸಿರಲಿಲ್ಲ. ಗ್ಯಾಸ್ಕೆಟ್ ಬದಲಿಸಿ, ಬಳಸದೆ ತೆರೆದೇ ಬಿಟ್ಟಿದ್ದ ಕೇಬಲ್ ತೂತಿಗೆ ಪ್ಲಗ್ ಹಾಕಿ ಕಳಿಸಿದೆವು.